ಮನೆ ಸಾಲದ ವಿಮೆ: ಬ್ಯಾಂಕು ತೋರಿಸಿದ್ದನ್ನೇ ಕೊಳ್ಳಬೇಕೆ?

ದೊಡ್ಡಬಳ್ಳಾಪುರದ ನೇಕಾರರ ಮನೆಯೊಂದನ್ನು ಕಲ್ಪಿಸಿಕೊಳ್ಳಿ. ಮನೆ ಕಟ್ಟಲು ತಂದೆಗೆ 25 ಲಕ್ಷ ರೂಪಾಯಿ ಸಾಲ ಮಂಜೂರಾಗಿದೆ. ಸಾಲದ ಕಾಗದಗಳ ನಡುವೆ ವಿಮೆಯ ಅರ್ಜಿಯೂ ಇದೆ. 'ಇದಕ್ಕೂ ಸಹಿ ಹಾಕಿ, ಕಂತನ್ನು ಸಾಲಕ್ಕೇ ಸೇರಿಸುತ್ತೇವೆ' ಎನ್ನುತ್ತಾರೆ ಸಿಬ್ಬಂದಿ. ಕಾಗದ ಓದಿ ಹೇಳಬೇಕಾದವರು ಕಾಲೇಜಿಗೆ ಹೋಗುವ ಮಗಳು. ಆಕೆ ಏನು ಹೇಳಬೇಕು?

ಇಲ್ಲಿ ಎರಡು ಬೇರೆ ವಿಮೆಗಳಿವೆ. ಒಂದು, ಬೆಂಕಿ, ಪ್ರವಾಹ ಮುಂತಾದವುಗಳಿಂದಾಗುವ ನಷ್ಟಕ್ಕೆ ಕಟ್ಟಡದ ವಿಮೆ. ಮನೆಯೇ ಅಡಮಾನವಾದ್ದರಿಂದ ಸಾಲದ ಕರಾರಿನಲ್ಲಿ ಸಾಮಾನ್ಯವಾಗಿ ಈ ಷರತ್ತು ಇರುತ್ತದೆ. ಇನ್ನೊಂದು, ಸಾಲಗಾರರ ಜೀವ ವಿಮೆ. ಇದನ್ನು ಯಾವ ಕಾನೂನೂ ಕಡ್ಡಾಯ ಮಾಡಿಲ್ಲ. ವಿಮೆ ಮಾರುವಾಗ ಬ್ಯಾಂಕು ವಿಮಾ ಕಂಪನಿಯ ಏಜೆಂಟ್. ಅದಕ್ಕೆ ಕಮಿಷನ್ ಸಿಗುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2015ರ ನಿಯಮಗಳು ಇಂಥ ಏಜೆಂಟರು ಬಲವಂತವಾಗಿ ವಿಮೆ ಮಾರುವುದನ್ನು ಒಪ್ಪುವುದಿಲ್ಲ.

ಈಗ ಲೆಕ್ಕ ಹಾಕೋಣ. ಬಡ್ಡಿ ಶೇಕಡಾ 8.5, ಅವಧಿ 20 ವರ್ಷ ಎಂದಾದರೆ ತಿಂಗಳ ಕಂತು ಸುಮಾರು 21,700 ರೂಪಾಯಿ. ಒಂದೇ ಬಾರಿ ಕಟ್ಟುವ ವಿಮಾ ಕಂತು 60,000 ಎಂದಿಟ್ಟುಕೊಳ್ಳಿ. ಅದನ್ನು ಸಾಲಕ್ಕೆ ಸೇರಿಸಿದರೆ ತಿಂಗಳಿಗೆ ಸುಮಾರು 520 ರೂಪಾಯಿ ಹೆಚ್ಚುತ್ತದೆ. 240 ತಿಂಗಳಲ್ಲಿ ಕಟ್ಟಿದ್ದು ಸುಮಾರು 1.25 ಲಕ್ಷ! ವಿಮೆಗೂ ಬಡ್ಡಿ ತೆತ್ತಂತಾಯಿತು.

ಬ್ಯಾಂಕು ಸೂಚಿಸುವ ಪಾಲಿಸಿಯಲ್ಲಿ ಸಾಮಾನ್ಯವಾಗಿ ಸಾಲ ಇಳಿದಂತೆ ವಿಮೆಯ ಮೊತ್ತವೂ ಇಳಿಯುತ್ತದೆ. ಹತ್ತು ವರ್ಷದ ನಂತರ ಬಾಕಿ ಸಾಲ ಸುಮಾರು 17.5 ಲಕ್ಷ. ಆಗ ತಂದೆ ತೀರಿಕೊಂಡರೆ ಅಷ್ಟು ಹಣ ಸಾಲಕ್ಕೆ ಜಮೆಯಾಗುತ್ತದೆ. ಮನೆ ಉಳಿಯುತ್ತದೆ, ಕೈಗೆ ಏನೂ ಬರುವುದಿಲ್ಲ. ತಾವೇ 25 ಲಕ್ಷದ ಅವಧಿ ವಿಮೆ ಕೊಂಡಿದ್ದರೆ ಸಾಲ ತೀರಿಸಿ 7.5 ಲಕ್ಷ ಮನೆಯವರಿಗೆ ಉಳಿಯುತ್ತದೆ. ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿದರೂ ಈ ವಿಮೆ ಮುಂದುವರಿಯುತ್ತದೆ. ಆದರೆ ವರ್ಷ ವರ್ಷವೂ ಕಂತು ಕಟ್ಟಬೇಕು. ತಪ್ಪಿದರೆ ಪಾಲಿಸಿ ರದ್ದಾಗುತ್ತದೆ.

ಹಾಗಾದರೆ ಬ್ಯಾಂಕಿನದು ಎಂದೂ ಬೇಡವೆ? ಹಾಗೇನಿಲ್ಲ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಸ್ವಂತ ಪಾಲಿಸಿ ದುಬಾರಿಯಾಗಬಹುದು, ಸಿಗದೆಯೂ ಹೋಗಬಹುದು. ಬ್ಯಾಂಕಿನ ಗುಂಪು ವಿಮೆ ಕೆಲವೊಮ್ಮೆ ವೈದ್ಯಕೀಯ ಪರೀಕ್ಷೆಯಿಲ್ಲದೆ, ಆರೋಗ್ಯದ ಘೋಷಣೆಯ ಮೇಲೆಯೇ ಸಿಗುತ್ತದೆ. ಆ ಘೋಷಣೆಯಲ್ಲಿ ಕಾಯಿಲೆ ಮುಚ್ಚಿಟ್ಟರೆ ಮಾತ್ರ ಮುಂದೆ ಪರಿಹಾರ ತಿರಸ್ಕೃತವಾಗಬಹುದು.

ಆದ್ದರಿಂದ ಮಗಳು ಸಹಿಗೆ ಮುಂಚೆ ಮೂರು ಸಂಗತಿಗಳನ್ನು ಬರವಣಿಗೆಯಲ್ಲಿ ಕೇಳಲಿ: ಕಂತು ಎಷ್ಟು? ವರ್ಷವಾರು ವಿಮಾ ಮೊತ್ತದ ಪಟ್ಟಿ ಎಲ್ಲಿದೆ? ಸಾಲ ಬೇಗ ತೀರಿಸಿದರೆ ಎಷ್ಟು ಹಣ ವಾಪಸ್ಸು? ಬಡ್ಡಿ ದರ ಏರಿದರೆ ಬಾಕಿ ಸಾಲ ಆ ಪಟ್ಟಿಯ ಮೊತ್ತವನ್ನು ಮೀರಬಹುದು ಎಂಬುದೂ ನೆನಪಿರಲಿ.