ಅರ್ಧ ಅರಮನೆಗೆ ಇನ್ನರ್ಧ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮೆಟ್ಟಿಲು ಹತ್ತಿ ಹೋಗುವ ಸಣ್ಣ ಸ್ಟುಡಿಯೋ ಅದು. ನಾನು ಹೋದದ್ದು ಒಂದೇ ಒಂದು ಫೋಟೊ ನೋಡಲು. ಭದ್ರಾವತಿ ಹಳೇನಗರದ ಮನೆಯಿಂದ ಬಂದ ಫೋಟೊ: ಶಿವಪ್ಪನಾಯಕನ ಅರಮನೆಯ ಮುಂದೆ ಮದುವೆಗೆ ಬಂದವರು ಸಾಲಾಗಿ ನಿಂತಿದ್ದಾರೆ. ಕಟ್ಟಿನೊಳಗೆ ಗೆದ್ದಲು ಹೊಕ್ಕು ಎಡಭಾಗವನ್ನು ಪೂರ್ತಿ ತಿಂದಿದೆ. ಬಲಕ್ಕೆ ಮರದ ಕಂಬ, ಕಮಾನು, ಹೆಂಚಿನ ಸೂರು ಎಲ್ಲವೂ ನಿಚ್ಚಳ.

ಬಲಭಾಗವನ್ನೇ ತಿರುಗಿಸಿ ಎಡಕ್ಕೆ ಕೂರಿಸಿದರಾಯಿತಲ್ಲ ಎಂದುಕೊಂಡಿದ್ದೆ. ಸ್ಟುಡಿಯೋದವರು ಫೋಟೊಶಾಪ್‌ನಲ್ಲಿ Flip Horizontal ಒತ್ತಿ ತೋರಿಸಿದರು. ಕ್ಷಣದಲ್ಲಿ ಅರಮನೆ ಪೂರ್ತಿಯಾಯಿತು, ಆದರೆ ಎಲ್ಲೋ ಏನೋ ಸರಿಯಿಲ್ಲ. "ನೆರಳು ನೋಡಿ ಸಾರ್" ಎಂದರು. ಬಲಗಡೆಯ ಕಂಬಗಳ ನೆರಳು ಬಲಕ್ಕೆ ಬಿದ್ದಿದೆ, ಎಡಗಡೆಯದು ಎಡಕ್ಕೆ. ಆಕಾಶದಲ್ಲಿ ಎರಡು ಸೂರ್ಯ!

ಆಮೇಲೆ ಅವರು ಕಂಬದಿಂದ ಕಂಬಕ್ಕೆ ಅಳೆದರು. ನಡುವಿನಿಂದ ಬಲಕ್ಕೆ ಹೋದಂತೆ ಪರದೆಯ ಮೇಲಿನ ಅಂತರ 300, 308, 317 ಚುಕ್ಕಿಗಳು. ನಿಜದಲ್ಲಿ ಕಂಬಗಳ ನಡುವಿನ ಜಾಗ ಒಂದೇ ಸಮ. ಚಿತ್ರದಲ್ಲಿ ಹಿಗ್ಗಿದೆ ಎಂದರೆ ಕ್ಯಾಮೆರಾಕ್ಕೆ ಬಲಭಾಗ ಹತ್ತಿರವಿತ್ತು, ಫೋಟೊ ತೆಗೆದವರು ಎದುರಿಗೆ ನೆಟ್ಟಗೆ ನಿಂತಿರಲಿಲ್ಲ. ಹಾಗಾದರೆ ಎಡಕ್ಕೆ ಹೋದಂತೆ ಅಂತರ 293, 286 ಹೀಗೆ ಕುಗ್ಗಬೇಕು. ಸುಮ್ಮನೆ ತಿರುಗಿಸಿದರೆ ಎರಡೂ ಕಡೆ ಹಿಗ್ಗಿ, ಅರಮನೆ ನಡುವಿನಲ್ಲಿ ಮಡಿಸಿದ ಹಾಳೆಯಂತೆ ಕಾಣುತ್ತದೆ. ಅದಕ್ಕೆ ಅವರು ಮೊದಲು ಉಳಿದರ್ಧವನ್ನು ಎಳೆದು ಅಂತರಗಳನ್ನು ಸಮ ಮಾಡಿಕೊಳ್ಳುತ್ತಾರೆ, ಆಮೇಲೆ ಎಡಭಾಗ ಕೂಡಿಸುತ್ತಾರೆ, ಕೊನೆಗೆ ಇಡೀ ಚಿತ್ರವನ್ನು ಮೊದಲಿದ್ದ ಓರೆಗೇ ವಾಪಸು ತರುತ್ತಾರೆ.

ನೆರಳಿಗೆ ಅವರು ಕಂಡುಕೊಂಡ ದಾರಿ ನನಗೆ ಬಹಳ ಹಿಡಿಸಿತು. ಒಂದೊಂದು ಕಂಬವೂ ತನ್ನಷ್ಟಕ್ಕೆ ಎಡ-ಬಲ ಒಂದೇ ಥರ ಇರುತ್ತದೆ. ಆದ್ದರಿಂದ ಕಂಬವನ್ನು ತಿರುಗಿಸುವುದೇ ಬೇಡ, ಇದ್ದ ಹಾಗೇ ಎಡಕ್ಕೆ ಸರಿಸಿದರೆ ಸಾಕು, ನೆರಳೂ ಸರಿಯಾದ ದಿಕ್ಕಿನಲ್ಲೇ ಉಳಿಯುತ್ತದೆ. ಕನ್ನಡಿ ಬೇಕಾಗುವುದು ಸೂರಿನ ಕೊನೆಗೆ, ಇಳಿಜಾರಿನ ಅಂಚಿಗೆ ಮಾತ್ರ. ಅಲ್ಲಿ ಬಿಸಿಲು-ನೆರಳನ್ನು ಕೈಯಲ್ಲೇ ತಿದ್ದಬೇಕು. ಒಂದು ಕಂಬಕ್ಕೆ ಒಂದು ಸಂಜೆ ಬೇಕಂತೆ.

ಅರಮನೆ ಇವತ್ತೂ ತುಂಗೆಯ ಹತ್ತಿರ ನಿಂತಿದೆಯಲ್ಲ, ಹೋಗಿ ಎಡಭಾಗದ ಫೋಟೊ ತೆಗೆದುಕೊಂಡು ಬರಬಾರದೇ? ಹೋಗಿಬಂದಿದ್ದಾರೆ. ಎರಡು ಪಕ್ಕಗಳೂ ನಿಜಕ್ಕೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಿಕೊಂಡು ಬರಲು. ಆದರೆ ಇವತ್ತಿನ ಅರಮನೆ ದುರಸ್ತಿಯಾದ ಸರಕಾರಿ ವಸ್ತುಸಂಗ್ರಹಾಲಯ. ಅದರ ತುಂಡನ್ನು ಹಳೇ ಫೋಟೊಗೆ ಅಂಟಿಸಿದರೆ ಕಾಲ ಬೆರೆತುಹೋಗುತ್ತದೆ ಎನ್ನುತ್ತಾರೆ. ಹೆಸರು ಶಿವಪ್ಪನಾಯಕನದಾದರೂ ಈ ಕಟ್ಟಡ 18ನೇ ಶತಮಾನದ್ದು, ಹೈದರನ ಕಾಲದ್ದು ಎಂಬ ಅಭಿಪ್ರಾಯವೂ ಇದೆ.

ಈ ಕೆಲಸ ಕಂಪ್ಯೂಟರಿನ ಜತೆ ಬಂದದ್ದಲ್ಲ. ಅವರ ತಂದೆ ಕತ್ತಲೆ ಕೋಣೆಯಲ್ಲೇ ಮಾಡುತ್ತಿದ್ದರು. ಹಾಳಾದ ಫೋಟೊವನ್ನು ಮತ್ತೆ ಫೋಟೊ ತೆಗೆದು ನೆಗೆಟಿವ್ ಮಾಡುವುದು, ಎನ್‌ಲಾರ್ಜರಿನಲ್ಲಿ ಅದನ್ನು ಸರಿಮುಖವಾಗಿ ಒಮ್ಮೆ, ಮಗುಚಿ ಒಮ್ಮೆ ಇಟ್ಟು ಎರಡು ಪ್ರಿಂಟ್ ಹಾಕುವುದು, ಎರಡನ್ನೂ ನಡುಗೆರೆಯಲ್ಲಿ ಬ್ಲೇಡಿನಿಂದ ಕೊಯ್ದು ಅಂಟಿಸುವುದು, ಕೂಡಿದ ಗೆರೆಯನ್ನು ಕುಂಚದಿಂದ ಮರೆಸಿ ಇನ್ನೊಮ್ಮೆ ಫೋಟೊ ತೆಗೆಯುವುದು.

ಆ ತಂದೆಯವರು ಮಗನಿಗೆ ಹಾಕಿದ ಒಂದು ಕಟ್ಟು ಇನ್ನೂ ನಡೆಯುತ್ತಿದೆ: ಕಟ್ಟಡಕ್ಕೆ ಕನ್ನಡಿ ಹಿಡಿ, ಮೂರ್ತಿಗೆ ಹಿಡಿಯಬೇಡ. ಉದಾಹರಣೆಗೆ, ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನ ಹೊಯ್ಸಳರ ಕಾಲದ್ದು, ಮೂರು ಗರ್ಭಗುಡಿಗಳದ್ದು. ಲಕ್ಷ್ಮೀನರಸಿಂಹನ ಮೂರ್ತಿಯಲ್ಲಿ ಲಕ್ಷ್ಮಿ ಕೂರುವುದು ಸ್ವಾಮಿಯ ಎಡತೊಡೆಯ ಮೇಲೆ. ಆ ಅರ್ಧವನ್ನು ತಿರುಗಿಸಿದರೆ ಎರಡು ತೊಡೆಗೆ ಇಬ್ಬರು ಲಕ್ಷ್ಮಿಯರಾಗುತ್ತಾರೆ, ಇನ್ನೊಂದರ್ಧವನ್ನು ತಿರುಗಿಸಿದರೆ ಲಕ್ಷ್ಮಿಯೇ ಇಲ್ಲ. ಶಂಖ ಒಂದು ಕೈಯಲ್ಲಿ, ಚಕ್ರ ಇನ್ನೊಂದರಲ್ಲಿ. ಕನ್ನಡಿಯಲ್ಲಿ ಎರಡೂ ಶಂಖ, ಇಲ್ಲವೇ ಎರಡೂ ಚಕ್ರ. ಕೊಳಲು ಒಂದೇ ಪಕ್ಕಕ್ಕೆ ಚಾಚಿದ ವೇಣುಗೋಪಾಲನಿಗಂತೂ ನಡುಗೆರೆಯೇ ಸಿಗದು. ಹೊಯ್ಸಳ ವಿಷ್ಣುಮೂರ್ತಿಗಳ ಪ್ರಭಾವಳಿ ನೋಡಲು ಸಮವೇ. ಆದರೆ ಅನೇಕ ಕಡೆ ಅದರಲ್ಲಿ ದಶಾವತಾರ ಒಂದು ಬದಿಯಿಂದ ಇನ್ನೊಂದಕ್ಕೆ ಸಾಲಾಗಿ ನಡೆಯುತ್ತದೆ. ಅರ್ಧ ತಿರುಗಿಸಿದರೆ ಮತ್ಸ್ಯ, ಕೂರ್ಮ ಎರಡೆರಡು ಬಂದು ಕಲ್ಕಿ ಕಾಣೆಯಾಗುತ್ತಾನೆ. ಕಿರೀಟ, ಪೀಠದ ಪಟ್ಟಿಗಳನ್ನು ಮಾತ್ರ ಅವರು ತುಂಬಿಕೊಡುತ್ತಾರೆ. ಮಿಕ್ಕದ್ದನ್ನು ಬೂದುಬಣ್ಣದಲ್ಲಿ ಖಾಲಿ ಬಿಡುತ್ತಾರೆ. ಇದರಿಂದ ಬೇಸತ್ತು ಎದ್ದುಹೋದ ಗಿರಾಕಿಗಳಿದ್ದಾರೆ. ಸ್ಟುಡಿಯೋದವರು ಮಾಡಿದ್ದೇ ಸರಿ ಎಂದು ನನಗನ್ನಿಸುತ್ತದೆ.

ನಾನಿರುವಾಗಲೇ ಭದ್ರಾವತಿಯ ಆ ಮನೆಯ ಅಜ್ಜಿ ಮೊಮ್ಮಗನ ಜತೆ ಫೋಟೊ ತೆಗೆದುಕೊಂಡು ಹೋಗಲು ಬಂದರು. ಅರಮನೆ ಇಡಿಯಾಗಿ ನಿಂತಿತ್ತು. ಅಜ್ಜಿ ಬೆರಳಿನಿಂದ ಎಡಗಡೆಯ ಕಂಬಗಳನ್ನು ಒಂದೊಂದಾಗಿ ಮುಟ್ಟುತ್ತ ಬಂದು ಮೂರನೆಯದರ ಬುಡದಲ್ಲಿ ನಿಲ್ಲಿಸಿದರು.

"ನಮ್ಮಣ್ಣ ಇಲ್ಲೇ ನಿಂತಿದ್ದ ಕಣಪ್ಪ."

"ಗೊತ್ತಿಲ್ಲದ ಮುಖ ಎಲ್ಲಿಂದ ತರಲಮ್ಮ" ಎಂದರು ಸ್ಟುಡಿಯೋದವರು. ಅಲ್ಲಿ ಅಂಗಳದ ಮಣ್ಣನ್ನಷ್ಟೇ ತುಂಬಿದ್ದರು. ಫೋಟೊ ಮಗುಚಿ, ಹಿಂದೆ ಪೆನ್ಸಿಲಿನಲ್ಲಿ 'ಎಡಭಾಗ ನಾವು ಕೂಡಿಸಿದ್ದು' ಎಂದು ಬರೆದರು. ಗೆದ್ದಲು ತಿಂದ ಹಳೆಯದನ್ನು ಬೇರೆ ಕವರಿನಲ್ಲಿ ಹಾಕಿ ಕೊಟ್ಟರು. ಅಜ್ಜಿ ಮೊದಲು ಆ ಕವರನ್ನು ತೆಗೆದುಕೊಂಡರು.