30 ಕೊಯ್ದರೆ 60ರ ನಿಖರತೆ

ಹುಲ್ಲುಗಾವಲಿನಲ್ಲಿ ಮೇವು ಎಷ್ಟಿದೆಯೆಂದು ತಿಳಿಯಬೇಕಾದರೆ ಅಲ್ಲಲ್ಲಿ ಚದರ ಮೀಟರಿನ ಚೌಕಟ್ಟು ಇಟ್ಟು, ಒಳಗಿನ ಹುಲ್ಲು ಕೊಯ್ದು, ಒಣಗಿಸಿ ತೂಗಬೇಕು. ದುಡ್ಡೂ ದಿನಗಳೂ ಖರ್ಚಾಗುವುದು ಅಲ್ಲೇ. ಬರೀ ಕಣ್ಣಿನಿಂದ ಗ್ರಾಂ ಲೆಕ್ಕ ಹೇಳಲಾಗದು ನಿಜ. ಆದರೆ ಮೂರು ಚೌಕಗಳನ್ನು ತೋರಿಸಿದರೆ ಯಾವುದರಲ್ಲಿ ಕಡಿಮೆ, ಯಾವುದರಲ್ಲಿ ಹೆಚ್ಚು ಎಂದು ಹೇಳಲು ಅಷ್ಟು ಕಷ್ಟವಿಲ್ಲ. ಪುಕ್ಕಟೆಯಾಗಿ ಸಿಗುವ ಈ ತಿಳಿವಳಿಕೆಯನ್ನು ಲೆಕ್ಕಕ್ಕೆ ಸೇರಿಸುವ ದಾರಿಯನ್ನು 1952ರಲ್ಲಿ ಆಸ್ಟ್ರೇಲಿಯಾದ ಜಿ. ಎ. ಮೆಕಿಂಟೈರ್ ತೋರಿಸಿಕೊಟ್ಟರು.

ವಿಧಾನ ಸರಳ. ಮನಬಂದಂತಲ್ಲ, ಚೀಟಿ ಎತ್ತಿದ ಹಾಗೆ 9 ಜಾಗಗಳನ್ನು ಆರಿಸಿ, ಮೂರು ಮೂರರ ಮೂರು ಗುಂಪು ಮಾಡಬೇಕು. ಮೊದಲ ಗುಂಪಿನಲ್ಲಿ ಕಣ್ಣಿಗೆ ಕಡಿಮೆ ಕಂಡದ್ದನ್ನು, ಎರಡನೆಯದರಲ್ಲಿ ನಡುವಿನದನ್ನು, ಮೂರನೆಯದರಲ್ಲಿ ಹೆಚ್ಚು ಕಂಡದ್ದನ್ನು ಮಾತ್ರ ಕೊಯ್ಯಬೇಕು. ಉಳಿದ 6ನ್ನು ಹಾಗೆಯೇ ಬಿಡಬೇಕು. ಇದನ್ನೇ 10 ಸಲ ಮಾಡಿದರೆ ನೋಡಿದ್ದು 90, ಕೊಯ್ದದ್ದು 30.

ಲಾಭವನ್ನು ಅಳೆಯೋಣ. ತೂಕ 100ರಿಂದ 500 ಗ್ರಾಂವರೆಗೆ ಎಲ್ಲೆಡೆ ಸಮನಾಗಿ ಹಂಚಿಹೋಗಿದೆ, ಕಣ್ಣೂ ತಪ್ಪುವುದಿಲ್ಲ ಎಂದಿಟ್ಟುಕೊಳ್ಳಿ. ನಿಜವಾದ ಸರಾಸರಿ 300. ಮೂರರಲ್ಲಿ ಕಡಿಮೆಯದರ ಸರಾಸರಿ 200, ನಡುವಿನದರದು 300, ಹೆಚ್ಚಿನದರದು 400. ಇಡೀ ಹುಲ್ಲುಗಾವಲಿನ ಏರಿಳಿತವನ್ನು, ಅಂದರೆ ಸರಾಸರಿಯಿಂದಿರುವ ಅಂತರಗಳ ವರ್ಗಗಳ ಸರಾಸರಿಯನ್ನು, ಲೆಕ್ಕ ಹಾಕಿದರೆ ಸುಮಾರು 13,333 ಬರುತ್ತದೆ. ಅದರಲ್ಲಿ 6,667, ಸರಿಯಾಗಿ ಅರ್ಧ, 200, 300, 400ರ ನಡುವಿನ ಅಂತರದಿಂದಲೇ ಬಂದದ್ದು. ಮೂರು ಸ್ಥಾನಗಳಿಂದಲೂ ತಲಾ ಹತ್ತು ತೆಗೆದುಕೊಂಡಿರುವುದರಿಂದ ಆ ಅರ್ಧ ನಮ್ಮ ಉತ್ತರವನ್ನು ಅಲುಗಾಡಿಸಲಾರದು. ಹಾಗಾಗಿ ಈ 30 ಕೊಯ್ಲು, ಸುಮ್ಮನೆ ಚೀಟಿ ಎತ್ತಿ ಕೊಯ್ದ 60ಕ್ಕೆ ಸಮ.

ಐದೈದರ ಗುಂಪು ಮಾಡಿದರೆ ಇದೇ ಹುಲ್ಲುಗಾವಲಿನಲ್ಲಿ ಲಾಭ ಮೂರು ಪಟ್ಟು. 1968ರಲ್ಲಿ ಜಪಾನಿನ ತಕಾಹಸಿ ಮತ್ತು ವಾಕಿಮೊಟೊ ಇದರ ಮೇಲ್ಮಿತಿಯನ್ನು ಸಾಬೀತುಪಡಿಸಿದರು: ಗುಂಪಿನ ಗಾತ್ರಕ್ಕೆ ಒಂದು ಕೂಡಿಸಿ ಅರ್ಧ ಮಾಡಿದಷ್ಟು ಪಟ್ಟು, ಅದಕ್ಕಿಂತ ಹೆಚ್ಚಿಲ್ಲ. ಲೆಕ್ಕದ ಪ್ರಕಾರ ನೂರರ ಗುಂಪಿಗೆ 50.5 ಪಟ್ಟು! ಆದರೆ ನೂರು ಚೌಕಗಳನ್ನು ಯಾವ ಕಣ್ಣೂ ಸಾಲಾಗಿ ಜೋಡಿಸಲಾರದು. ಮೂರರಿಂದ ಐದಕ್ಕೆ ನಿಲ್ಲುವುದೇ ಜಾಣತನ. ತೂಕಗಳು ಗಂಟೆಯಾಕಾರದಲ್ಲಿ ಹಂಚಿದ್ದರೆ ಮೂರರ ಗುಂಪಿನ ಲಾಭ 1.9 ಪಟ್ಟು, ಕೆಲವೇ ಚೌಕಗಳು ವಿಪರೀತ ದಟ್ಟವಾಗಿದ್ದರೆ ಇನ್ನೂ ಕಡಿಮೆ.

ನನಗೆ ಎಲ್ಲಕ್ಕಿಂತ ದೊಡ್ಡ ಅಚ್ಚರಿ ಬೇರೆಯೇ. ಕಣ್ಣು ತಪ್ಪಿದರೂ ಉತ್ತರ ಒಂದು ಕಡೆಗೆ ವಾಲುವುದಿಲ್ಲ. ಕಣ್ಣು ಮುಚ್ಚಿ ಸ್ಥಾನ ಹೇಳಿದರೂ ಆಗುವುದಿಷ್ಟೇ: 30 ಕೊಯ್ಲು 30ರ ಬೆಲೆಗೇ ನಿಲ್ಲುತ್ತದೆ. ನಷ್ಟವೆಂದರೆ 90 ಜಾಗ ಸುತ್ತಿದ ನಡಿಗೆ. ಆದರೆ ಗುಂಪು ಮಾಡುವಾಗ ಚೀಟಿ ಬಿಟ್ಟು ಅನುಕೂಲದ ಜಾಗ ಹಿಡಿದರೆ, ಅಥವಾ ಸೊಂಪಾಗಿ ಕಂಡದ್ದನ್ನೇ ಹೆಚ್ಚು ಸಲ ಕೊಯ್ದರೆ, ಈ ರಕ್ಷಣೆ ಇರುವುದಿಲ್ಲ.

ಕಣ್ಣು ಕೆಲಸ ಮಾಡಿತೇ ಎಂಬುದನ್ನು ತಕ್ಕಡಿಯೇ ಹೇಳುತ್ತದೆ. ‘ಕಡಿಮೆ’, ‘ನಡು’, ‘ಹೆಚ್ಚು’ ಎಂದು ಗುರುತಿಸಿದ ಹತ್ತು ಹತ್ತರ ಸರಾಸರಿ ತೆಗೆಯಿರಿ. ಅವು 200, 300, 400ರಂತೆ ದೂರ ದೂರ ನಿಂತರೆ ಲಾಭ ಸಿಕ್ಕಿದೆ; 290, 300, 310 ಎಂದು ಒತ್ತಿಕೊಂಡಿದ್ದರೆ ಹೆಚ್ಚುಕಡಿಮೆ ಏನೂ ಸಿಕ್ಕಿಲ್ಲ.