ವೈಫೈಗೆ ಕನ್ನಡದ ಹೆಸರಿಟ್ಟಾಗ ಆಗುವುದೇನು?

ಕಳೆದ ರಂಜಾನಿನಲ್ಲಿ ಜಯನಗರದ ನಮ್ಮ ಮನೆಯ ವೈಫೈಗೆ ನಾನು ಹೊಸ ಹೆಸರಿಟ್ಟೆ: `ಜಯನಗರ 🌙`. ನನ್ನ ಫೋನಿನಲ್ಲಿ ಅದು ಚೆನ್ನಾಗಿಯೇ ಕಾಣಿಸಿತು. ಅಬ್ಬಾನ ಹಳೆಯ ಟ್ಯಾಬ್ಲೆಟ್‌ನಲ್ಲಿ ಸಾಲಾಗಿ ಖಾಲಿ ಚೌಕಗಳು ಬಂದವು. ಪ್ರಿಂಟರಿನ ಪರದೆಯಲ್ಲಿ ಮಾತ್ರ ಹೀಗಿತ್ತು:

```
à²œà²¯à²¨à²—à²° ðŸŒ™
```

"ಏನು ಮಾಡಿಟ್ಟೆ ಮಗಾ, ಯಾರಾದರೂ ಹ್ಯಾಕ್ ಮಾಡಿದ್ದಾರಾ?" ಎಂದು ಅಬ್ಬಾ ಗಾಬರಿಯಾದರು. ಯಾರೂ ಹ್ಯಾಕ್ ಮಾಡಿರಲಿಲ್ಲ. ಮೂರೂ ಸಾಧನಗಳಿಗೆ ರೂಟರ್ ಕಳಿಸಿದ್ದು ಒಂದೇ ಹೆಸರು. ಅದನ್ನು ಓದಿದ ರೀತಿ ಮಾತ್ರ ಬೇರೆ ಬೇರೆ.

ರೂಟರ್ ತನ್ನ ಹೆಸರನ್ನು ಅಕ್ಷರಗಳಾಗಿ ಕಳಿಸುವುದಿಲ್ಲ, ಬೈಟ್‌ಗಳಾಗಿ, ಅಂದರೆ ಬರೀ ಸಂಖ್ಯೆಗಳಾಗಿ ಕಳಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಈಗ ಎಲ್ಲೆಡೆ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಸಾಮಾನ್ಯ ಎಮೋಜಿಗೆ 4. 'ಜ' ಎಂದರೆ `E0 B2 9C`. ನಮ್ಮ ಪ್ರಿಂಟರಿಗೆ ಯುಟಿಎಫ್-8 ಗೊತ್ತಿಲ್ಲ. ಅದು ಪ್ರತಿ ಬೈಟನ್ನೂ ಒಂದು ಯುರೋಪಿಯನ್ ಅಕ್ಷರವೆಂದು ಓದಿ `à²œ` ಎಂದು ತೋರಿಸಿತು. ಮೇಲಿನ ಸಾಲನ್ನು ಎಣಿಸಿ ನೋಡಿ: 'ಜಯನಗರ'ದ 5 ಅಕ್ಷರಗಳಿಗೆ 15 ಗುರುತು, ಒಂದು ಖಾಲಿ ಜಾಗ, ಚಂದ್ರನಿಗೆ 4. ಒಟ್ಟು 20.

ಟ್ಯಾಬ್ಲೆಟ್ಟಿನ ಕಥೆ ಬೇರೆ. ಅಲ್ಲಿ ಅಕ್ಷರಕ್ಕೊಂದು ಚೌಕವಿತ್ತು. ಅಂದರೆ ಅದು ಬೈಟ್‌ಗಳನ್ನು ಸರಿಯಾಗಿಯೇ ಓದಿದೆ, ಆದರೆ ಬರೆದು ತೋರಿಸಲು ಅದರಲ್ಲಿ ಕನ್ನಡದ ಫಾಂಟ್ ಇಲ್ಲ. ಹೊಸ ಎಮೋಜಿಗಳು ಹಳೆಯ ಫೋನುಗಳಲ್ಲಿ ಚೌಕವಾಗುವುದೂ ಇದೇ ಕಾರಣಕ್ಕೆ. ಹಾಗಾಗಿ ಗುರುತುಗಳನ್ನು ಎಣಿಸಿದರೆ ತೊಂದರೆ ಎಲ್ಲಿದೆ ಎಂದು ತಿಳಿಯುತ್ತದೆ: ಅಕ್ಷರದಷ್ಟೇ ಚೌಕಗಳಿದ್ದರೆ ಫಾಂಟಿನ ಕೊರತೆ, ಮೂರು ಪಟ್ಟು ವಿಚಿತ್ರ ಗುರುತುಗಳಿದ್ದರೆ ಓದುವ ಪದ್ಧತಿಯ ತಪ್ಪು.

ಪ್ರಿಂಟರನ್ನೇ ಬೈಯುವಂತೆಯೂ ಇಲ್ಲ. ವೈಫೈಗೆ ಆಧಾರವಾದ 802.11 ಮಾನದಂಡ ಮೊದಲಿಗೆ ಹೆಸರು ಎಷ್ಟು ಬೈಟ್ ಇರಬಹುದು ಎಂದು ಹೇಳಿತೇ ಹೊರತು, ಆ ಬೈಟ್‌ಗಳನ್ನು ಯಾವ ಲಿಪಿಯಾಗಿ ಓದಬೇಕು ಎಂದು ಹೇಳಲಿಲ್ಲ. 'ಈ ಹೆಸರು ಯುಟಿಎಫ್-8ರಲ್ಲಿದೆ' ಎಂದು ತಿಳಿಸುವ ಗುರುತು ಅದಕ್ಕೆ ಸೇರಿದ್ದು 2012ರ ಆವೃತ್ತಿಯಲ್ಲಿ.

ಹೆಸರಿನ ಆ ಮಿತಿ 32 ಬೈಟ್. ಬಿಟಿಎಂ ಲೇಔಟ್‌ನಲ್ಲಿ ಅಂಗಡಿ ಇರುವ ನನ್ನ ಚಾಚಾ ಇದಕ್ಕೇ ಸಿಕ್ಕಿಕೊಂಡರು. ಅವರಿಗೆ `ಪುಸ್ತಕದ ಅಂಗಡಿ` ಎಂಬ ಹೆಸರು ಬೇಕಿತ್ತು. ಕಣ್ಣಿಗೆ ಕಾಣುವುದು 7 ಅಕ್ಷರ. ಆದರೆ ಉಕಾರ, ಇಕಾರ, ಒತ್ತಕ್ಷರದ ನಡುವಿನ ಹಲಂತ, ಅನುಸ್ವಾರ ಎಲ್ಲವೂ ಬೇರೆ ಬೇರೆ ಚಿಹ್ನೆಗಳು. 'ಸ್ತ' ಒಂದಕ್ಕೇ ಸ, ಹಲಂತ, ತ ಸೇರಿ 9 ಬೈಟ್. ನಮ್ಮ ಲ್ಯಾಬ್‌ನ ಪೈಥಾನ್‌ನಲ್ಲಿ ನೀವೇ ನೋಡಬಹುದು:

```
len("ಪುಸ್ತಕದ ಅಂಗಡಿ".encode("utf-8"))
```

ಉತ್ತರ 37. ಮಿತಿಗಿಂತ 5 ಹೆಚ್ಚು. ಇಂಥ ಹೆಸರನ್ನು ಕೆಲವು ರೂಟರ್‌ಗಳು ಉಳಿಸಲು ಒಪ್ಪುವುದಿಲ್ಲ. ಕತ್ತರಿಸಿ ಉಳಿಸುವ ರೂಟರ್ ಆದರೆ 32ನೇ ಬೈಟ್ ಬೀಳುವುದು 'ಡ' ಅಕ್ಷರದ ಮೊದಲ ಬೈಟಿನ ಮೇಲೆ. ಮೂರರಲ್ಲಿ ಒಂದೇ ಉಳಿದ ಅಕ್ಷರವನ್ನು ಯಾರೂ ಓದಲಾರರು, ಹೀಗಾಗಿ ಹೆಸರು `ಪುಸ್ತಕದ ಅಂಗ�` ಎಂದು ಕಾಣುತ್ತದೆ. ನಾನು `ಪುಸ್ತಕ ಮನೆ` ಎಂದು ಬದಲಿಸಿಕೊಟ್ಟೆ. ಅದು 28 ಬೈಟ್. ಪಕ್ಕಕ್ಕೆ ಅಂಟಿಸಿ ಒಂದು 📖 ಹಾಕಿದರೆ ಸರಿಯಾಗಿ 32. ನಡುವೆ ಒಂದು ಖಾಲಿ ಜಾಗ ಬಿಟ್ಟರೂ 33 ಆಗಿ ಕೆಡುತ್ತದೆ.

ಹೆಸರು ವಿಚಿತ್ರವಾಗಿ ಕಂಡರೆ ನೆಟ್ ಸಿಗುವುದಿಲ್ಲವೇ? ಬಹಳ ಸಲ ಸಿಗುತ್ತದೆ. ಪಟ್ಟಿಯಿಂದ ಆಯ್ದಾಗ ಸಾಧನ ಅದೇ ಬೈಟ್‌ಗಳನ್ನು ಬಳಸುತ್ತದೆ, ಪರದೆಯ ಮೇಲೆ ಹೇಗೆ ಕಂಡರೂ ಸರಿ. ನಮ್ಮ ಪ್ರಿಂಟರ್ ಕೂಡ ಆ ಗೋಜಲು ಹೆಸರನ್ನೇ ಆರಿಸಿದಾಗ ಸೇರಿಕೊಂಡಿತು. ತೊಂದರೆ ಬರುವುದು ಹೆಸರನ್ನು ಕೈಯಿಂದ ಟೈಪ್ ಮಾಡಬೇಕಾದಾಗ. ಮನೆಗಳಲ್ಲಿ ಹೆಚ್ಚಾಗಿ ಇರುವ ಡಬ್ಲ್ಯುಪಿಎ2 ಭದ್ರತೆಯಲ್ಲಿ ಪಾಸ್‌ವರ್ಡ್ ಮತ್ತು ಹೆಸರಿನ ಬೈಟ್‌ಗಳನ್ನು ಸೇರಿಸಿಯೇ ಕೀಲಿ ತಯಾರಾಗುತ್ತದೆ. ಒಂದು ಬೈಟ್ ಬದಲಾದರೂ ಕೀಲಿ ಬೇರೆಯಾಗುತ್ತದೆ, ಪಾಸ್‌ವರ್ಡ್ ಸರಿಯಿದ್ದರೂ ಬಾಗಿಲು ತೆರೆಯುವುದಿಲ್ಲ.

ಈಗ ನಮ್ಮ ಮನೆಯಲ್ಲಿ ಎರಡು ಹೆಸರುಗಳಿವೆ. ರೂಟರಿನ ಗೆಸ್ಟ್ ನೆಟ್‌ವರ್ಕ್‌ಗೆ `Jayanagar` ಎಂದಿಟ್ಟು ಪ್ರಿಂಟರನ್ನೂ ಟ್ಯಾಬ್ಲೆಟ್ಟನ್ನೂ ಅದಕ್ಕೆ ಸೇರಿಸಿದ್ದೇನೆ. ಗೆಸ್ಟ್ ಸಾಧನಗಳು ಒಂದನ್ನೊಂದು ನೋಡದಂತೆ ತಡೆಯುವ ಆಯ್ಕೆಯನ್ನು ತೆಗೆದ ಮೇಲೆಯೇ ಪ್ರಿಂಟ್ ಬಂತು. ಫೋನುಗಳಿಗೆ ಮಾತ್ರ ಕನ್ನಡದ ಹೆಸರೇ ಇದೆ, ಚಂದ್ರನೂ ಇದ್ದಾನೆ.